ನಾಲ್ಕು ಕಾಲಿನವರ ದರ್ಜಿ

ಜಿಪ್ಪಕ್ಕ ಎಂಬ ಹೆಸರನ್ನು ತನಗೆ ಮೊದಲು ಇಟ್ಟವರು ಯಾರೆಂದು ಅವಳಿಗೇ ಗೊತ್ತಿಲ್ಲ. ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವಿನ ಇಕ್ಕಟ್ಟಿನಲ್ಲಿ ಅವಳ ಹೊಲಿಗೆ ಅಂಗಡಿ. ಜನ ರೆಡಿಮೇಡ್ ಬಟ್ಟೆಗೆ ಹೊರಳಿದ ಮೇಲೆ ಅಳತೆ ಕೊಟ್ಟು ಹೊಲಿಸುವವರು ಅಪರೂಪವಾದರು. ಆದರೆ ಜಿಪ್ ಎಂಬುದು ಮಾತ್ರ ಎಲ್ಲರ ಬಾಳಿನಲ್ಲೂ ಒಂದಲ್ಲ ಒಂದು ದಿನ ಕೈಕೊಡುತ್ತದೆ. ಪ್ಯಾಂಟು, ಜಾಕೆಟ್ಟು, ಶಾಲೆಯ ಬ್ಯಾಗು, ಪ್ರಯಾಣದ ಚೀಲ, ಎಲ್ಲದರ ಹಲ್ಲು ಕಚ್ಚಿಕೊಂಡಾಗ ಅವಳ ನೆನಪಾಗುತ್ತಿತ್ತು. ದಿನವೆಲ್ಲ ಕೂತು ಊರಿನವರ ಹಲ್ಲು ರಿಪೇರಿ ಮಾಡುವ ನೀನು ದಂತವೈದ್ಯೆಯೇ ಆಗಬಹುದಿತ್ತು ಎಂದು ಅವಳ ಗಂಡ ರೇಗಿಸುವುದಿತ್ತು. ಗಂಡ ಬಸ್ ಕಂಡಕ್ಟರ್. ಮಾತಿಗೆ ಟಿಕೆಟ್ ಕೇಳುವವನಲ್ಲ.

ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಅತ್ತೆ ಕೂರುತ್ತಿದ್ದರು. ಗುಂಡಿ ಹಚ್ಚುವುದು, ಕಾಜಾ ಹೊಲಿಯುವುದು ಅವರ ಪಾಲು. ಅತ್ತೆಗೆ ಪ್ರಾಣಿಗಳೆಂದರೆ ಆಗದು. ಹಲ್ಲಿ ಕಂಡರೂ ಸೆರಗು ಒಟ್ಟು ಮಾಡಿಕೊಳ್ಳುವ ಜೀವ ಅದು.

ಹೀಗಿರುವಾಗ ಒಂದು ಮಧ್ಯಾಹ್ನ ಕಣ್ಣಾಸ್ಪತ್ರೆಯ ನರ್ಸೊಬ್ಬಳು ಬೆಕ್ಕು ಒಯ್ಯುವ ಚೀಲವನ್ನು ಎದೆಗವಚಿಕೊಂಡು ಓಡೋಡಿ ಬಂದಳು. ಚೀಲದ ಜಿಪ್ ಅರ್ಧಕ್ಕೇ ನಿಂತಿತ್ತು. ಒಳಗೆ ಮೆಣಸಿ ಎಂಬ ಬೆಕ್ಕು, ಮಕ್ಕಳಾಗದಂತೆ ಆಪರೇಷನ್ ಆಗಿ ಇನ್ನೂ ಹೊಲಿಗೆ ಬಿಚ್ಚಿರಲಿಲ್ಲ, ಕೊರಳಿಗೆ ಪ್ಲಾಸ್ಟಿಕ್ಕಿನ ಬುಟ್ಟಿಯಂಥ ಪಟ್ಟಿ. ಪ್ರಾಣಿಗಳ ಡಾಕ್ಟರ ಬಳಿಗೆ ಹೊರಟವಳಿಗೆ ದಾರಿಯಲ್ಲಿ ಚೀಲ ಬಾಯಿ ಬಿಡತೊಡಗಿತ್ತು. ಜಿಪ್ಪಕ್ಕ ಇಕ್ಕಳದಿಂದ ಜಿಪ್ಪಿನ ಎಳೆಯುವ ತುಂಡನ್ನು ಹಿಡಿದು ಸ್ವಲ್ಪ ಒತ್ತಿದಳು. ಅದು ಪಟ್ಟನೆ ಕೈಗೇ ಬಂತು.

ಆಮೇಲೆ ಆದದ್ದನ್ನು ಹೇಳಲು ಹೊತ್ತು ಬೇಕು, ಆಗಲು ಬೇಕಾಗಲಿಲ್ಲ. ಮೆಣಸಿ ಚೀಲದಿಂದ ಚಿಮ್ಮಿ ಹೊಲಿಗೆ ಯಂತ್ರದ ಮೇಲೆ, ಅಲ್ಲಿಂದ ಬಟ್ಟೆಯ ಕಪಾಟಿನ ಮೇಲೆ. ಕೊರಳ ಬುಟ್ಟಿ ಎರಡು ಗುಂಡಿ ಡಬ್ಬಿಗಳ ನಡುವೆ ಸಿಕ್ಕಿ ಡಬ್ಬಿಗಳೆರಡೂ ಉರುಳಿ, ನೆಲದ ಮೇಲೆ ಗುಂಡಿಗಳ ಮಳೆ. ಅತ್ತೆ ಆಗಲೇ ಸ್ಟೂಲಿನ ಮೇಲೆ ನಿಂತಿದ್ದರು. ಜಿಪ್ಪಕ್ಕ ಮೊದಲು ಮಾಡಿದ ಕೆಲಸವೆಂದರೆ ಷಟರ್ ಎಳೆದದ್ದು. ಬೆನ್ನಟ್ಟಬೇಡಿ, ಒಂದು ಟವೆಲ್ ಕೊಡಿ ಎಂದು ನರ್ಸ್ ಮೆಲ್ಲಗೆ ಹೇಳಿದಳು. ಟವೆಲನ್ನು ಮೇಲಿನಿಂದ ಹೊದಿಸಿ, ಮಗುವನ್ನು ಸುತ್ತುವ ಹಾಗೆ ಸುತ್ತಿ ಇಳಿಸಿದಾಗ ಮೆಣಸಿ ಗುರ್ ಎನ್ನುವುದನ್ನೂ ಬಿಟ್ಟಿತು.

ಆಗಲೇ ಜಿಪ್ಪಕ್ಕನಿಗೆ ಅದರ ಹೊಟ್ಟೆ ಕಂಡದ್ದು. ಹೊಲಿಗೆಯ ಸುತ್ತ ಕೆಂಪಾಗಿ ಒದ್ದೆಯಾಗಿತ್ತು. ಬುಟ್ಟಿ ಹಾಕಿದರೆ ಮೆಣಸಿ ತಿನ್ನುವುದಿಲ್ಲ, ಗೋಡೆಗೆ ಗುದ್ದಿಕೊಳ್ಳುತ್ತದೆ. ತಿನ್ನಲೆಂದು ಬಿಚ್ಚಿದರೆ ಹೊಲಿಗೆ ನೆಕ್ಕುತ್ತದೆ. ಹೀಗೆ ನೆಕ್ಕಿ ನೆಕ್ಕಿ ಕೆಂಪಾಗಿಸಿಕೊಂಡದ್ದಕ್ಕೇ ಈಗ ಡಾಕ್ಟರ ಬಳಿ ಓಟ. ಹೊಟ್ಟೆಗೆ ಬಟ್ಟೆ ಹಾಕಿದರಾಗದೇ ಎಂದು ಜಿಪ್ಪಕ್ಕ ಕೇಳಿದಳು. ಅಂಥ ಅಂಗಿ ಸಿಗುತ್ತದೆ, ಆದರೆ ತಾನು ತರಿಸಿದ್ದರಲ್ಲಿ ಇಂಥ ಎರಡು ಮೆಣಸಿಯರು ಸಂಸಾರ ಹೂಡಬಹುದು ಎಂದಳು ನರ್ಸ್.

ಚೀಲಕ್ಕೆ ಬೇರೆ ಜಿಪ್ ಹಾಕಿ ಮುಗಿಸಿ ಜಿಪ್ಪಕ್ಕ ಅಳತೆಯ ಟೇಪು ಕೈಗೆತ್ತಿಕೊಂಡಳು. ಎಷ್ಟೋ ಕಾಲದ ಮೇಲೆ ಅವಳು ಯಾರದೋ ಮೈಯಳತೆ ತೆಗೆದದ್ದು ಅಂದು.

ಗಂಡನ ಹಳೆಯ ಬನಿಯನ್ನಿನ ಬಟ್ಟೆ ಮೆತ್ತಗಿತ್ತು, ಹಿಗ್ಗುತ್ತಿತ್ತು. ಅದನ್ನೇ ಕತ್ತರಿಸಿ, ಮುಂಗಾಲಿಗೆ ತೂತು ಬಿಟ್ಟು, ಬೆನ್ನ ಮೇಲೆ ಕಟ್ಟುವ ಹಾಗೆ ಲಾಡಿಯಿಟ್ಟು ಅದೇ ಸಂಜೆ ನರ್ಸಿನ ಮನೆಗೆ ಹೋದಳು. ತೊಡಿಸಿದ ಕೂಡಲೇ ಮೆಣಸಿ ದೊಪ್ಪನೆ ಒಂದು ಮಗ್ಗುಲಿಗೆ ಬಿದ್ದು ಹಾಗೇ ಉಳಿಯಿತು. ಬೆಕ್ಕನ್ನು ಕೊಂದೆನೆಂದೇ ಜಿಪ್ಪಕ್ಕ ಅಂದುಕೊಂಡಳು. ನರ್ಸ್ ನಕ್ಕು, ಬೆಕ್ಕುಗಳ ಮೈಮೇಲೆ ಏನಾದರೂ ಹಾಕಿದರೆ ಅವು ಮೊದಲು ಹೀಗೇ ನಾಟಕವಾಡುತ್ತವೆ ಎಂದಳು. ತಟ್ಟೆಯ ಸದ್ದಾದದ್ದೇ ತಡ, ಸತ್ತ ಮೆಣಸಿ ಎದ್ದು ನಡೆಯಿತು, ತಿಂದಿತು, ಹೊಟ್ಟೆಯ ಕಡೆ ಬಾಯಿ ಒಯ್ದು ಬನಿಯನ್ನನ್ನು ನೆಕ್ಕಿ ಬೇಸತ್ತು ಬಿಟ್ಟಿತು.

ಮರುದಿನ ಪ್ರಾಣಿಗಳ ಡಾಕ್ಟರಮ್ಮ ಅದನ್ನು ನೋಡಿ ಹೊಗಳಿದ್ದಕ್ಕಿಂತ ಹೆಚ್ಚಾಗಿ ತಿದ್ದಿದರು. ಬಾಲದ ಕೆಳಗೆ ಇನ್ನಷ್ಟು ತೆರೆದಿರಬೇಕು, ಇಲ್ಲವಾದರೆ ಒದ್ದೆಯಾದ ಬಟ್ಟೆ ಗಾಯಕ್ಕೆ ತಾಗುತ್ತದೆ. ಕಂಕುಳಲ್ಲಿ ಹೊಲಿಗೆಯ ಏಣು ಬರಬಾರದು, ಚರ್ಮ ಉಜ್ಜಿಹೋಗುತ್ತದೆ. ಎರಡು ಹೊಲಿಯಬೇಕು, ಒಂದು ಒಗೆಯಲು, ಒಂದು ತೊಡಲು. ಬಟ್ಟೆ ಹಾಕಿದೆವೆಂದು ಮೈಮರೆಯದೆ ಬೆಳಿಗ್ಗೆ ಸಂಜೆ ಬಿಚ್ಚಿ ಗಾಯ ನೋಡಬೇಕು. ನರ್ಸ್ ಎಲ್ಲವನ್ನೂ ಬಂದು ಹೇಳಿದಳು. ಜಿಪ್ಪಕ್ಕ ಬಿಚ್ಚಿದಳು, ಮತ್ತೆ ಹೊಲಿದಳು. ಮೆಣಸಿಯ ಗಾಯ ಒಣಗಿತು. ಡಾಕ್ಟರಮ್ಮನ ಕ್ಲಿನಿಕ್ಕಿನಿಂದ ಇನ್ನೊಂದು ಬೆಕ್ಕು, ಒಂದು ಪುಟ್ಟ ನಾಯಿ, ಆಮೇಲೆ ಒಂದು ಮೊಲ ಬಂದವು. ಮೊಲ ಬಂದ ದಿನ ಮಾತ್ರ ಅತ್ತೆ ಸ್ಟೂಲಿನ ಮೇಲೆ ಎದ್ದು ನಿಲ್ಲಲಿಲ್ಲ.

ಒಂದು ದಿನ ಡಾಕ್ಟರಮ್ಮನೇ ಅಂಗಡಿಗೆ ಬಂದರು. ಗುಂಡಿ ಡಬ್ಬಿಗಳನ್ನು ಸರಿಸಿ ಕೂತು ಸುತ್ತು ಬಳಸದೆ ವಿಷಯಕ್ಕೆ ಬಂದರು. ಈಜು ಮೇಷ್ಟರ ನಾಯಿಯೊಂದಿದೆ, ಹೆಸರು ಸಾಹುಕಾರ, ಭಾರೀ ಆಳು, ವಯಸ್ಸಾಗಿದೆ. ಸೊಂಟದ ಕೀಲು ಸವೆದು ಹಿಂಗಾಲಲ್ಲಿ ಬಲವಿಲ್ಲ. ಔಷಧಿಯಿಂದ ನೋವು ಹಿಡಿತಕ್ಕೆ ಬಂದಿದೆ, ಹಸಿವಿದೆ, ಕಣ್ಣಲ್ಲಿ ಬೆಳಕಿದೆ. ಆದರೆ ಮನೆ ಮೂರನೇ ಮಹಡಿಯಲ್ಲಿದೆ, ಕಟ್ಟಡಕ್ಕೆ ಲಿಫ್ಟಿಲ್ಲ. ಮೇಷ್ಟರ ಭುಜಕ್ಕೆ ಪೆಟ್ಟಾದ ಮೇಲೆ ಎತ್ತುವವರಿಲ್ಲ. ನಾಯಿ ಬಾಲ್ಕನಿಯಲ್ಲೇ ಎಲ್ಲ ಮಾಡಿಕೊಳ್ಳಬೇಕು, ಅದಕ್ಕೆ ಅದು ಒಪ್ಪದು. ತಡೆದು ತಡೆದು ನರಳುತ್ತದೆ. ಅದಕ್ಕೇ ಮನೆಯವರು, ಇನ್ನು ಸಾಕು, ಸುಖವಾಗಿ ಕಳಿಸಿಬಿಡೋಣ ಎಂದು ಸೂಜಿಯ ಮಾತೆತ್ತಿದ್ದಾರೆ.

"ನೋವು ಮೀರಿದ ದಿನ ಆ ಮಾತು ನಾನೇ ಹೇಳ್ತೀನಿ. ಈ ನಾಯಿಗೆ ಆ ದಿನ ಇನ್ನೂ ಬಂದಿಲ್ಲ. ಅದಕ್ಕೆ ಕಾಯಿಲೆಗಿಂತ ಮೆಟ್ಟಿಲೇ ದೊಡ್ಡ ಕಷ್ಟ" ಎಂದರು ಡಾಕ್ಟರಮ್ಮ. "ಮನೆಯವರು ಈ ವಾರ ತೀರ್ಮಾನ ಮಾಡ್ತಾರೆ. ಹಿಡಿದು ನಡೆಸೋಕೆ ಏನಾದ್ರೂ ಹೊಲಿಯೋಕಾಗುತ್ತಾ?"

ಆಗುತ್ತದೆಯೋ ಇಲ್ಲವೋ ಜಿಪ್ಪಕ್ಕನಿಗೆ ಗೊತ್ತಿರಲಿಲ್ಲ. ಆದರೂ ಆಗುತ್ತದೆ ಎಂದು ಬಾಯಿಂದ ಬಂದೇಬಿಟ್ಟಿತು. ಡಾಕ್ಟರಮ್ಮ ಹೋದ ಮೇಲೆ ಅತ್ತೆ ಗುಂಡಿಗೆ ದಾರ ಪೋಣಿಸುತ್ತ, ಬಾಯಿಗೆ ಬೀಗ ಹಾಕೋಕೆ ಪಕ್ಕದ ಅಂಗಡಿಯವನನ್ನೇ ಕರೀಬೇಕು ಎಂದರು.

ಮೂರನೇ ಮಹಡಿಯ ಬಾಗಿಲು ತೆರೆದಾಗ ಸಾಹುಕಾರ ಪಡಸಾಲೆಯ ನಡುವೆ ನುಣ್ಣಗೆ ಹೊಳೆಯುವ ಟೈಲ್ಸಿನ ಮೇಲೆ ಮಲಗಿತ್ತು. ಅಪರಿಚಿತಳನ್ನು ಕಂಡು ಏಳಲು ಹೊರಟಿತು. ಮುಂಗಾಲು ಎದ್ದವು, ಹಿಂಗಾಲು ಜಾರಿ ಎರಡು ಕಡೆಗೆ ಹರಡಿದವು. ಮತ್ತೆ ಯತ್ನಿಸಿತು, ಮತ್ತೆ ಜಾರಿತು. ಕೊನೆಗೆ ಕೂತಲ್ಲೇ ಬಾಲವನ್ನು ನೆಲಕ್ಕೆ ಪಟಪಟನೆ ಬಡಿಯಿತು, ಏಳಲಾಗದಿದ್ದರೂ ಮರ್ಯಾದೆ ತಪ್ಪಬಾರದಲ್ಲ ಎನ್ನುವ ಹಾಗೆ. ಮೇಷ್ಟರು ಗೋಡೆಯ ಕಡೆ ಮುಖ ಮಾಡಿಕೊಂಡರು. ಬಾಗಿಲಗಲದ ಎದೆಯ ಮನುಷ್ಯ, ಎಷ್ಟೋ ಮಕ್ಕಳನ್ನು ನೀರಿಗೆ ತಳ್ಳಿ ಈಜು ಕಲಿಸಿದವರು, ನಾಯಿ ಜಾರುವುದನ್ನು ನೋಡಲಾರರು. ಅವರ ಹೆಂಡತಿ ಜಿಪ್ಪಕ್ಕನಿಗೆ ಟೇಪು ಹಿಡಿಯಲು ಕೂತರು.

ಮೊದಲ ಸಲ ಜಿಪ್ಪಕ್ಕ ಹೊಲಿದದ್ದು ಹಳೆಯ ಜೀನ್ಸಿನ ಅಗಲವಾದ ಪಟ್ಟಿ, ಹೊಟ್ಟೆಯಡಿ ಹಾಯಿಸಿ ಎರಡು ಬದಿಯಿಂದ ಎತ್ತುವುದಕ್ಕೆ. ನೋಡಲು ಗಟ್ಟಿಮುಟ್ಟಾಗಿತ್ತು. ಹಾಕಿ ಎತ್ತಿದರು. ಸಾಹುಕಾರನ ಬೆನ್ನು ಕಮಾನಾಯಿತು, ಪಟ್ಟಿ ಜಾರಿ ಪಕ್ಕೆಲುಬಿಗೆ ಬಂತು, ಹೊಟ್ಟೆ ಒತ್ತಿ, ಹಿಡಿದಿಟ್ಟುಕೊಂಡಿದ್ದದ್ದೆಲ್ಲ ಟೈಲ್ಸಿನ ಮೇಲೆ ಹರಿಯಿತು. ನಾಯಿ ತಲೆ ತಗ್ಗಿಸಿತು. ಮೇಷ್ಟರು ಒರೆಸುವ ಬಟ್ಟೆ ತಂದರು. ಅದಕ್ಕಿಂತ ನಾಲ್ಕು ಬೈಗುಳ ವಾಸಿ ಎನ್ನಿಸಿತು ಜಿಪ್ಪಕ್ಕನಿಗೆ. ಮೇಷ್ಟರ ಹೆಂಡತಿ ಮೆಟ್ಟಿಲವರೆಗೆ ಬಂದು, ನೀವು ಬೇಜಾರು ಮಾಡಿಕೊಳ್ಳಬೇಡಿ, ಭಾನುವಾರ ಡಾಕ್ಟರಿಗೇ ಮನೆಗೆ ಬರಲು ಹೇಳುತ್ತೇವೆ ಎಂದರು. ಬರುವುದು ಯಾತಕ್ಕೆಂದು ಕೇಳುವ ಧೈರ್ಯ ಜಿಪ್ಪಕ್ಕನಿಗೆ ಆಗಲಿಲ್ಲ.

ಅವಳು ಕ್ಲಿನಿಕ್ಕಿಗೇ ನೇರವಾಗಿ ಹೋದಳು. ಡಾಕ್ಟರಮ್ಮ ಗೋಡೆಯ ಮೇಲಿನ ನಾಯಿಯ ಎಲುಬಿನ ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದರು. ಹೊಟ್ಟೆಯಲ್ಲಿ ಹಿಡಿಯಬೇಡ, ಅಲ್ಲಿ ಎಲುಬಿಲ್ಲ, ಮೂತ್ರಚೀಲವಿದೆ. ಭಾರ ಹೊರಬೇಕಾದದ್ದು ಸೊಂಟ. ತೊಡೆಗಳ ಸುತ್ತ ಬಳಸು, ಆದರೆ ಸಂದಿಯಲ್ಲಿ ಮೆತ್ತೆಯಿರಲಿ. ಗಂಡುನಾಯಿ, ಅಡಿಯಲ್ಲಿ ಅದಕ್ಕೆ ಬೇಕಾದ ಜಾಗ ಪೂರ್ತಿ ಬಿಡು. ಹಿಂದಕ್ಕೂ ಮುಂದಕ್ಕೂ ಜಾರದ ಹಾಗೆ ಎದೆಯ ಪಟ್ಟಿಗೆ ಬೆನ್ನ ಮೇಲಿಂದ ಒಂದು ಕೊಂಡಿ. ಇಷ್ಟು ಕೇಳುವ ಹೊತ್ತಿಗೆ ಜಿಪ್ಪಕ್ಕನ ಕಣ್ಣಮುಂದೆ ಕತ್ತರಿಸಬೇಕಾದ ತುಂಡುಗಳು ಒಂದೊಂದಾಗಿ ಬಿದ್ದುಕೊಂಡಿದ್ದವು. ಇದು ಪಟ್ಟಿಯಲ್ಲ, ಚಡ್ಡಿ. ಚಡ್ಡಿ ಹೊಲಿಯಲು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಆ ದಿನಗಳಲ್ಲಿ ಅವಳ ಮೈಯಲ್ಲಿ ಒಂದು ಬಗೆಯ ಹುಚ್ಚು ಹೊಕ್ಕಿತ್ತು. ಅನ್ನಕ್ಕಿಟ್ಟು ಮರೆತಳು, ಬಸ್ಸಿನ ಸ್ಟಾಪು ದಾಟಿ ಹೋದಳು. ಶಾಲಾ ಬ್ಯಾಗುಗಳಿಗೆ ತರಿಸಿದ್ದ ನೈಲಾನ್ ಪಟ್ಟಿ ತೆಗೆದಳು. ಮಾಮೂಲಿ ಸೂಜಿ ಮೊದಲ ಮಡಿಕೆಯಲ್ಲೇ ಮುರಿಯಿತು. ಬೂಟು ಹೊಲಿಯುವವನ ಬಳಿ ಕೇಳಿ ದಪ್ಪ ಸೂಜಿ, ಕೊಳೆಯದ ದಪ್ಪ ದಾರ ತಂದಳು. ಪಟ್ಟಿಗೆ ಪಟ್ಟಿ ಸೇರುವಲ್ಲೆಲ್ಲ ಚೌಕಾಕಾರವಾಗಿ ಹೊಲಿದು ಅದರೊಳಗೆ ಮೂಲೆಯಿಂದ ಮೂಲೆಗೆ ಕತ್ತರಿ ಹೊಲಿಗೆ ಹಾಕಿದಳು. ಭಾರ ಹೊರುವ ಚೀಲಗಳಿಗೆ ಹಾಕುವ ಹೊಲಿಗೆ ಅದು. ತೊಡೆಸಂದಿಗೆ ಮಗುವಿನ ಹೊದಿಕೆಯ ಮೆತ್ತನೆ ಬಟ್ಟೆ. ಚರಚರ ಎನ್ನುವ ವೆಲ್ಕ್ರೋ ಹಚ್ಚಿದ್ದಳು, ಅತ್ತೆಯೇ ಬೇಡವೆಂದರು. ಆ ಸದ್ದಿಗೆ ನನಗೇ ಎದೆ ಹಾರುತ್ತೆ, ಮುದಿ ನಾಯಿಗೆ ಹೇಗಾಗಬೇಡ ಎಂದು ಅವರೇ ಬಿಚ್ಚಿ ಬಕಲ್ ಹೊಲಿದರು.

ಅಳತೆ ನೋಡಲು ಮನೆಯಲ್ಲಿ ಬೇರೆ ನಾಲ್ಕು ಕಾಲಿನವರಿರಲಿಲ್ಲ. ಡ್ಯೂಟಿ ಮುಗಿಸಿ ಬಂದ ಗಂಡನನ್ನು ಮಂಡಿಯೂರಿಸಿ, ಅಂಗೈ ನೆಲಕ್ಕೂರಿಸಿ, ಸೊಂಟಕ್ಕೆ ಪಟ್ಟಿ ಕಟ್ಟಿ ಜಿಪ್ಪಕ್ಕ ಎತ್ತಿ ನೋಡಿದಳು.

"ನೋಡಮ್ಮ, ನಿನ್ನ ಮಗನಿಗೆ ಬಂದ ಗತಿ" ಎಂದ ಅವನು ನೆಲ ನೋಡುತ್ತಲೇ.

"ಬಾಲ ಒಂದು ಕಮ್ಮಿ" ಎಂದರು ಅತ್ತೆ. ಮೂವರೂ ನಕ್ಕು ನಕ್ಕು ಪಟ್ಟಿ ಕೈಬಿಟ್ಟು ಕಂಡಕ್ಟರ್ ಮೂಗು ನೆಲಕ್ಕೆ ತಾಗಿತು. ಆದರೆ ಒಂದು ಸಂಗತಿ ಗೊತ್ತಾಯಿತು. ಹಿಡಿಕೆ ಗಿಡ್ಡವಾಗಿತ್ತು. ಬಗ್ಗಿ ಎತ್ತಿದರೆ ಎತ್ತುವವರ ಬೆನ್ನು ಮುರಿಯುತ್ತದೆ. ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಸಿಗುವಷ್ಟು ಉದ್ದ ಬೇಕು. ಉದ್ದ ಮಾಡಿದಳು. ಆಮೇಲೆ ಮರಳು ತುಂಬಿದ ಗೋಣಿಗೆ ಅದನ್ನು ತೊಡಿಸಿ, ಗಂಡ ಹೆಂಡತಿ ಮೆಟ್ಟಿಲ ಮೇಲೆ ಹತ್ತಿಸಿ ಇಳಿಸಿ, ಜಗ್ಗಿ, ಜೋತು ಬಿದ್ದು ನೋಡಿದರು. ಒಂದು ಹೊಲಿಗೆಯೂ ಅಲ್ಲಾಡಲಿಲ್ಲ.

ಶನಿವಾರ ಬೆಳಿಗ್ಗೆ ಜಿಪ್ಪಕ್ಕ ಮತ್ತೆ ಮೂರನೇ ಮಹಡಿ ಹತ್ತಿದಳು, ಹೆಗಲ ಮೇಲೆ ಒಂದು ಸುರುಳಿ. ವ್ಯಾಯಾಮದ ಚಾಪೆಗೆ ಬಳಸುವ ಜಾರದ ರಬ್ಬರಿನ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಹೊಲಿದಿದ್ದಳು. ನಾಯಿಯ ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ಅದನ್ನು ಹಾಸಿದಳು. ಡಾಕ್ಟರಮ್ಮನೂ ಬಂದಿದ್ದರು. ಪಾದದಡಿ ಬೆಳೆದಿದ್ದ ಕೂದಲನ್ನು ಕತ್ತರಿಸಿ, ಇದೂ ಜಾರಲು ಒಂದು ಕಾರಣ ಎಂದರು. ಸಾಹುಕಾರ ಎದ್ದಿತು. ಹಿಂಗಾಲು ನಡುಗಿದವು, ಆದರೆ ಈ ಸಲ ನೆಲ ಕೈಬಿಡಲಿಲ್ಲ. ತಾನಾಗಿಯೇ ನಾಲ್ಕು ಹೆಜ್ಜೆ ಇಟ್ಟು ಬಟ್ಟಲಿಗೆ ಹೋಗಿ ನೀರು ಕುಡಿದು ಹಿಂತಿರುಗಿ ನೋಡಿತು. ಮೇಷ್ಟರ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದರು. ಈ ಟೈಲ್ಸನ್ನು ಆರಿಸಿದ್ದು ಅವರೇ ಅಂತೆ.

ಅವಸರ ಬೇಡ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಚಡ್ಡಿಯನ್ನು ಮೊದಲು ಮೂಸಲು ಕೊಟ್ಟರು. ಬಕಲ್ ಒಂದು ಸಲ ಟಕ್ ಎನ್ನಿಸಿದರೆ ಬೇಯಿಸಿದ ಕೋಳಿಯ ಒಂದು ಚೂರು. ಇನ್ನೊಂದು ಟಕ್, ಇನ್ನೊಂದು ಚೂರು. ಸ್ವಲ್ಪ ಹೊತ್ತಿಗೆ ಟಕ್ ಎಂದೊಡನೆ ಸಾಹುಕಾರ ಬಾಯಿ ಚಪ್ಪರಿಸತೊಡಗಿತು. ತೊಡಿಸಿ, ಪಟ್ಟಿಯಡಿ ಎರಡು ಬೆರಳು ಸರಾಗವಾಗಿ ಹೋಗುತ್ತವೆಯೇ ನೋಡಿ, ಮೇಷ್ಟರು ಪೆಟ್ಟಾಗದ ಕೈಯಲ್ಲಿ ಹಿಂದಿನ ಹಿಡಿಕೆ ಹಿಡಿದರು. ಹೆಂಡತಿ ಎದೆಯ ಪಟ್ಟಿ ಹಿಡಿದರು. ತೂಗಾಡಿಸಬೇಡಿ, ಕಾಲು ನೆಲಕ್ಕೆ ತಾಗಿರಲಿ, ಅದರ ಭಾರದಲ್ಲಿ ನಿಮ್ಮ ಪಾಲು ಮಾತ್ರ ಹೊರಿ ಎಂದರು ಡಾಕ್ಟರಮ್ಮ.

ಬಾಗಿಲು ದಾಟಿದರು. ಮೊದಲ ಮೆಟ್ಟಿಲ ಬಳಿ ಸಾಹುಕಾರ ನಿಂತುಬಿಟ್ಟಿತು. ಎಷ್ಟೋ ದಿನದಿಂದ ಕಾಣದ ಮೆಟ್ಟಿಲು. ಕೆಳಗಿನಿಂದ ಬಂದ ಗಾಳಿಗೆ ಅದರ ಮೂಗು ಅರಳಿತು. ಮುಂಗಾಲು ಒಂದು ಕೆಳಗಿಟ್ಟಿತು, ಇನ್ನೊಂದನ್ನು ಇಟ್ಟಿತು, ಆಮೇಲೆ ಹಿಂಭಾಗ ಬರುತ್ತದೋ ಇಲ್ಲವೋ ಎಂದು ತಿರುಗಿ ನೋಡಿತು. ಬಂತು. ಮೇಷ್ಟರ ಕೈಯಲ್ಲಿ ಸಲೀಸಾಗಿ ಬಂತು.

ಜಿಪ್ಪಕ್ಕ ಮುಂದೆ ಮುಂದೆ ಹಿಮ್ಮುಖವಾಗಿ ಇಳಿಯುತ್ತಿದ್ದಳು. ಅವಳ ಕಣ್ಣು ಪೂರ್ತಿ ಆ ಚೌಕದ ಹೊಲಿಗೆಗಳ ಮೇಲೆ. ಎರಡನೇ ಮಹಡಿಯಲ್ಲಿ ನಿಂತು ಎಲ್ಲರೂ ಸುಧಾರಿಸಿಕೊಂಡರು. ಬಾಗಿಲುಗಳು ತೆರೆದವು. ಬಾಯಿಗೆ ಬ್ರಷ್ ಇಟ್ಟುಕೊಂಡವರು, ಒದ್ದೆ ತಲೆಯವರು, ಮಗುವನ್ನು ಎತ್ತಿಕೊಂಡವರು. ಸಾಹುಕಾರ ಇಳೀತಿದಾನೆ ಎಂಬ ಸುದ್ದಿ ಅವರಿಗಿಂತ ಬೇಗ ಕೆಳಗಿಳಿಯಿತು. ಯಾರೂ ಕೂಗಬೇಡಿ ಎಂದು ಡಾಕ್ಟರಮ್ಮ ಸನ್ನೆ ಮಾಡಿದ್ದರಿಂದ ಕಟ್ಟಡಕ್ಕೆ ಕಟ್ಟಡವೇ ಉಸಿರು ಬಿಗಿಹಿಡಿದು ನಿಂತಿತು. ಮೊದಲ ಮಹಡಿಯ ತಿರುವಿನಲ್ಲಿ ಒಂದು ಹಿಂಗಾಲು ಮಡಚಿಕೊಂಡಿತು. ಜಿಪ್ಪಕ್ಕನ ಕೈ ತಾನಾಗಿ ಚಾಚಿತು. ಆದರೆ ಪಟ್ಟಿ ಬಿಗಿಯಾಯಿತು, ಸೊಂಟ ಮೇಲೆಯೇ ಉಳಿಯಿತು, ಕಾಲು ತಡಕಾಡಿ ನೆಲ ಹುಡುಕಿಕೊಂಡಿತು. ಅಷ್ಟೇ.

ಕೊನೆಯ ಮೆಟ್ಟಿಲು, ಗೇಟು, ಆಚೆಗೆ ಹುಲ್ಲು. ಸಾಹುಕಾರ ಹುಲ್ಲಿನ ಮೇಲೆ ನಿಂತು ಮೂಗು ಊರಿ ಇಷ್ಟು ದಿನ ಬಾಕಿ ಉಳಿದಿದ್ದ ವಾಸನೆಗಳನ್ನೆಲ್ಲ ಒಂದೇ ಉಸಿರಿಗೆ ಎಳೆದುಕೊಂಡಿತು. ಆಮೇಲೆ ಒಂದು ಗಿಡದ ಬುಡಕ್ಕೆ ಹೋಗಿ, ಚಡ್ಡಿಯಲ್ಲಿ ಬಿಟ್ಟಿದ್ದ ಜಾಗದ ಪೂರ್ತಿ ಪ್ರಯೋಜನ ಪಡೆದು, ಬಹಳ ಹೊತ್ತು ನೆಮ್ಮದಿಯಾಗಿ ನಿಂತಿತು. ಒಂದು ಹನಿಯೂ ಪಟ್ಟಿಗೆ ತಾಗಲಿಲ್ಲ. ಜಿಪ್ಪಕ್ಕ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡಳು. ತನ್ನ ಬಾಳಿನಲ್ಲಿ ಯಾವ ಮದುವೆಯ ರವಿಕೆ ಹೊಲಿದಾಗಲೂ ಇಷ್ಟು ಖುಷಿಯಾಗಿರಲಿಲ್ಲ ಎಂದು ಅವಳಿಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ನಗುವೂ ಬಂತು. ಮಹಡಿಗಳಿಂದ ಈಗ ಚಪ್ಪಾಳೆ ಬಿತ್ತು.

ಮೇಷ್ಟರು ಹುಲ್ಲಿನ ಮೇಲೆ ಕೂತುಬಿಟ್ಟಿದ್ದರು. ಸಾಹುಕಾರ ಅವರ ತೊಡೆಗೆ ಒರಗಿತ್ತು.

"ಭಾನುವಾರ ಬರ್ಬೇಡಿ ಡಾಕ್ಟರೇ" ಎಂದರು ಮೇಷ್ಟರು.

ಭಾನುವಾರ ಡಾಕ್ಟರಮ್ಮ ಬರಲಿಲ್ಲ. ಸಾಹುಕಾರ ಬೆಳಿಗ್ಗೆ ಸಂಜೆ ಇಳಿಯಿತು. ಮೇಷ್ಟರ ಭುಜ ನೋಯುವ ದಿನ ಎರಡನೇ ಮಹಡಿಯ ಬ್ರಷ್ಷಿನವರು ಹಿಡಿಕೆ ಹಿಡಿದರು. ತೊಡೆಸಂದಿ ಸ್ವಲ್ಪ ಕೆಂಪಾಗಿದೆಯೆಂದು ಹೇಳಿ ಕಳಿಸಿದಾಗ ಜಿಪ್ಪಕ್ಕ ಹೋಗಿ ಮೆತ್ತೆ ಬದಲಿಸಿ, ಮಲಗುವಾಗ ಬಿಚ್ಚಿಡಲೇಬೇಕು, ಇಡೀ ದಿನ ಹಾಕಿಡುವ ಸಾಮಾನಲ್ಲ ಎಂದು ಗದರಿ ಬಂದಳು. ನಾಯಿ ಚಿರಂಜೀವಿಯಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಅದು ಮೆಟ್ಟಿಲಿಗೆ ಸೋತು ಹೋಗುವುದಿಲ್ಲ ಎಂಬುದೂ ಗೊತ್ತಾಗಿತ್ತು.

ಆಮೇಲೆ ಜಿಪ್ಪಕ್ಕನಿಗೆ ಬಿಡುವೇ ಇಲ್ಲದಾಯಿತು. ಬಾಲ್ಕನಿಯಿಂದ ಚಪ್ಪಾಳೆ ತಟ್ಟಿದವರಿಗೆಲ್ಲ ಒಬ್ಬೊಬ್ಬರು ನೆಂಟರು, ಆ ನೆಂಟರಿಗೆಲ್ಲ ಒಂದೊಂದು ಪ್ರಾಣಿ. ಮನೆಗೇ ಹೋಗಿ ನೋಡುವುದನ್ನು ಅವಳು ನಿಯಮ ಮಾಡಿಕೊಂಡಳು, ಯಾಕೆಂದರೆ ಅಂಗಡಿಯಲ್ಲಿ ನಾಯಿ ಮಾತ್ರ ಕಾಣುತ್ತದೆ, ನೆಲ ಕಾಣುವುದಿಲ್ಲ. ಒಂದು ಮನೆಯಲ್ಲಿ ಕಣ್ಣು ಮಂಜಾದ ನಾಯಿಗೆ ಎತ್ತರದ ಸೋಫಾದಿಂದ ಇಳಿಯಲು ಸ್ಪಂಜಿನ ಇಳಿಜಾರು ಹೊಲಿದಳು. ಇನ್ನೊಂದರಲ್ಲಿ ಚೀಲ ಕಂಡರೆ ಮಂಚದಡಿ ಸೇರುವ ಬೆಕ್ಕಿಗಾಗಿ ಮೇಲ್ಭಾಗ ಪೂರ್ತಿ ತೆರೆಯುವ ಚೀಲ ಹೊಲಿದು, ಡಾಕ್ಟರ ಬಳಿ ಹೋಗುವ ದಿನ ಮಾತ್ರ ಹೊರತೆಗೆಯಬೇಡಿ, ಯಾವಾಗಲೂ ಪಡಸಾಲೆಯಲ್ಲೇ ತೆರೆದಿಡಿ, ಅದರೊಳಗೇ ಊಟ ಹಾಕಿ ಎಂದು ಹೇಳಿ ಬಂದಳು. ಆ ಬೆಕ್ಕು ಈಗ ಆ ಚೀಲದಲ್ಲೇ ನಿದ್ದೆ ಮಾಡುತ್ತದಂತೆ. ಯಾವುದೇ ಕುಂಟು, ಯಾವುದೇ ಗಾಯ ಇರಲಿ, ಮೊದಲು ಡಾಕ್ಟರಮ್ಮ ನೋಡಬೇಕು, ಆಮೇಲೇ ಟೇಪು. ಆ ಮಾತಿನಲ್ಲಿ ಅವಳು ಯಾರಿಗೂ ರಿಯಾಯಿತಿ ಕೊಡಲಿಲ್ಲ. ಕ್ಲಿನಿಕ್ಕಿನ ಮಧ್ಯಾಹ್ನದ ಬಿಡುವಿನಲ್ಲಿ ಇಬ್ಬರೂ ಕೂತು ಹೊಸ ಹೊಸ ಚಿತ್ರ ಗೀಚುತ್ತಿದ್ದರು. ಒಬ್ಬರು ಎಲುಬು ಬರೆದರೆ ಇನ್ನೊಬ್ಬರು ಹೊಲಿಗೆ ಬರೆಯುತ್ತಿದ್ದರು.

ಅಂಗಡಿಯ ಬೋರ್ಡು ಬದಲಾಯಿಸು ಎಂದು ಗಂಡ ಪೀಡಿಸುತ್ತಿದ್ದ. ಜಿಪ್ ಬದಲಿಸುವುದನ್ನೂ ಅವಳು ಬಿಟ್ಟಿರಲಿಲ್ಲವಾದ್ದರಿಂದ ಹಳೆಯ ಬೋರ್ಡಿನ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಎರಡು ಕಾಲು, ನಾಲ್ಕು ಕಾಲು, ಎಲ್ಲರಿಗೂ ಹೊಲಿದು ಕೊಡಲಾಗುವುದು.

ಬೋರ್ಡಿನ ಬಣ್ಣ ಒಣಗುವ ಮೊದಲೇ ಮುದುಕಿಯೊಬ್ಬಳು ಪಂಜರ ಹಿಡಿದು ಬಂದಳು. ಒಳಗೆ ಗಿಳಿ. ಎದೆಯ ಪುಕ್ಕವನ್ನೆಲ್ಲ ತಾನೇ ಕಿತ್ತುಕೊಂಡು ಬೋಳಾಗಿ ಕೂತಿತ್ತು. ಡಾಕ್ಟರಮ್ಮನೇ ಕಳಿಸಿದ್ದರು. ಕಾಯಿಲೆಯೇನೂ ಇಲ್ಲ, ಒಂಟಿತನಕ್ಕೆ ಬೇಸತ್ತು ಕಿತ್ತುಕೊಳ್ಳುತ್ತಿದೆ, ಆಟಕ್ಕೆ ಮರದ ತುಂಡು, ಮಾತಿಗೆ ಜನ ಬೇಕು, ಅದೆಲ್ಲ ನಾನು ಹೇಳಿದ್ದೇನೆ, ಚರ್ಮ ಮಾಯುವ ತನಕ ಹಗುರಾದ ಒಂದು ಎದೆಗವಚ ಸಾಧ್ಯವೇ ನೋಡು ಎಂದು ಫೋನು ಮಾಡಿದ್ದರು. ರೆಕ್ಕೆಗೆ ತಡೆಯಾಗಬಾರದು, ಎದೆ ಒತ್ತಬಾರದು, ಒತ್ತಿದರೆ ಹಕ್ಕಿಗೆ ಉಸಿರಾಡಲಾಗದು.

ಜಿಪ್ಪಕ್ಕ ಪಂಜರದ ಸುತ್ತ ಒಂದು ಸುತ್ತು ಬಂದಳು. ಗಿಳಿಯೂ ಅವಳೊಂದಿಗೆ ಸುತ್ತಿತು. ಕಪಾಟಿನಿಂದ ಮಗುವಿನ ಕಾಲುಚೀಲವೊಂದನ್ನು ಎಳೆದು ತುದಿ ಕತ್ತರಿಸಿದಳು, ಬೆರಳು ತೂರಿಸಿ ಹಿಗ್ಗಿಸಿ ನೋಡಿದಳು, ಬೆಳಕಿಗೆ ಹಿಡಿದಳು. ಅತ್ತೆ ಸ್ಟೂಲನ್ನು ಮೂಲೆಯಿಂದ ಎಳೆದು ತಂದು ಪಂಜರದ ಪಕ್ಕಕ್ಕೆ ಹಾಕಿಕೊಂಡು ಕೂತರು.

"ನೀನು ಹೊಲಿ. ಅಲ್ಲಿವರೆಗೂ ನಾನು ಇದನ್ನ ಮಾತಾಡಿಸ್ತಿರ್ತೀನಿ" ಎಂದರು.